ಶುಗರ್ ಇರುವವರ ಕಣ್ಣು ಮಂಜಾದಾಗ: ರೆಫರಲ್ ಪತ್ರದಲ್ಲಿ ಕಣ್ಣಿನ ಕ್ಲಿನಿಕ್ ಹುಡುಕುವುದೇನು

"ಸಕ್ಕರೆ ಕಾಯಿಲೆ ಇದೆ. ಕಣ್ಣು ಮಂಜು. ದಯವಿಟ್ಟು ಪರೀಕ್ಷಿಸಿ."

ಕಣ್ಣಿನ ಕ್ಲಿನಿಕ್‌ಗೆ ಬರುವ ಎಷ್ಟೋ ರೆಫರಲ್ ಪತ್ರಗಳಲ್ಲಿ ಇರುವುದು ಇಷ್ಟೇ. ಕೆಳಗೆ ಸಹಿ, ಸೀಲು. ಕೆಲವೊಮ್ಮೆ ಜೊತೆಗೆ ನಾಲ್ಕೈದು ಪುಟದ ಲ್ಯಾಬ್ ರಿಪೋರ್ಟ್. ಬರೆದದ್ದರಲ್ಲಿ ಸುಳ್ಳೇನೂ ಇಲ್ಲ. ಆದರೆ ಓದುವವರಿಗೆ ಬೇಕಾದ ಒಂದೇ ಒಂದು ಉತ್ತರ ಅದರಲ್ಲಿ ಸಿಗುವುದಿಲ್ಲ. ಈ ರೋಗಿಯನ್ನು ಇವತ್ತೇ ನೋಡಬೇಕಾ, ಎರಡು ವಾರದೊಳಗೆ ನೋಡಿದರೆ ಸಾಕಾ, ಇಲ್ಲ ಎರಡು ತಿಂಗಳು ತಡೆದರೂ ನಡೆಯುತ್ತಾ?

ಪತ್ರದ ಮುಖ್ಯ ಕೆಲಸವೇ ಇದು. ರೋಗ ಯಾವುದು ಅಂತ ಪತ್ರ ಬರೆಯುವವರು ಹೇಳಬೇಕಾಗಿಲ್ಲ. ಪಾಪೆ ಹಿಗ್ಗಿಸಿ, ಸ್ಕ್ಯಾನ್ ಮಾಡಿ ಅದನ್ನು ಕ್ಲಿನಿಕ್ ಕಂಡುಹಿಡಿಯುತ್ತದೆ. ಆದರೆ ಪತ್ರ ಬಂದ ದಿನ ರೋಗಿ ಎದುರಿಗಿರುವುದಿಲ್ಲ. ಒಬ್ಬರು ಕೂತು ಪತ್ರಗಳನ್ನು ಓದಿ, ಯಾವುದು ಮೊದಲು, ಯಾವುದು ಆಮೇಲೆ ಅಂತ ವಿಂಗಡಿಸುತ್ತಾರೆ. ಅವರ ಕೈಯಲ್ಲಿರುವುದು ಆ ಕಾಗದ ಮಾತ್ರ.

ಶುಗರ್ ಇರುವವರಲ್ಲಿ ಈ ವಿಂಗಡಣೆ ಇನ್ನೂ ಕಷ್ಟ. ಯಾಕೆಂದರೆ "ಮಂಜು" ಅನ್ನುವ ಒಂದೇ ದೂರಿನ ಹಿಂದೆ ತೀರಾ ಬೇರೆ ಬೇರೆ ಕಾರಣಗಳಿರುತ್ತವೆ. ರಕ್ತದ ಸಕ್ಕರೆ ಏರಿಳಿದಾಗ ಕಣ್ಣಿನೊಳಗಿನ ಲೆನ್ಸ್ ನೀರು ಹೀರಿ ಅದರ ಪವರ್ ಬದಲಾಗುತ್ತದೆ. ಇದು ತಾನಾಗಿಯೇ ಸರಿಹೋಗುವಂಥದ್ದು. ಪೊರೆ ಬಂದಿರಬಹುದು, ಅದಕ್ಕೂ ಆತುರವಿಲ್ಲ. ರೆಟಿನಾದ ನಡುಭಾಗವಾದ ಮ್ಯಾಕ್ಯುಲಾದಲ್ಲಿ ನೀರು ತುಂಬಿ ಊದಿಕೊಂಡಿರಬಹುದು. ಅದಕ್ಕೆ ವಾರಗಳ ಲೆಕ್ಕದಲ್ಲಿ ಚಿಕಿತ್ಸೆ ಶುರುವಾಗಬೇಕು. ರೆಟಿನಾ ಮೇಲೆ ಬೆಳೆದ ಹೊಸ ರಕ್ತನಾಳ ಒಡೆದು ಕಣ್ಣೊಳಗೆ ರಕ್ತ ಸೋರಿದ್ದರೆ ಅದೇ ದಿನ ಫೋನ್ ಮಾಡಬೇಕು. ಇವರೆಲ್ಲರೂ ಡಾಕ್ಟರ ಮುಂದೆ ಹೇಳುವ ಮಾತು ಮಾತ್ರ ಒಂದೇ: "ಯಾಕೋ ಕಣ್ಣು ಮಂಜು ಮಂಜಾಗಿದೆ."

ಹಾಗಾಗಿ ಪತ್ರದಲ್ಲಿ ಎಲ್ಲಕ್ಕಿಂತ ಮುಖ್ಯವಾಗಿ ಬೇಕಾದವು ಮೂರು ಸಂಗತಿ. ಮಂಜು ಹೇಗೆ ಶುರುವಾಯಿತು. ಒಂದೊಂದು ಕಣ್ಣಿನ ದೃಷ್ಟಿ ಎಷ್ಟು, ಸಣ್ಣ ತೂತಿನ ತಟ್ಟೆ, ಅಂದರೆ ಪಿನ್‌ಹೋಲ್ ಇಟ್ಟರೆ ಎಷ್ಟು. ಕಳೆದ ಕೆಲವು ತಿಂಗಳಲ್ಲಿ ಸಕ್ಕರೆ ಯಾವ ಕಡೆಗೆ ಹೋಗಿದೆ. ಮಿಕ್ಕದ್ದೆಲ್ಲ ಬೇಡ ಅಂತಲ್ಲ. ಆದರೆ ಈ ಮೂರು ಇಲ್ಲದೆ ಮಿಕ್ಕದ್ದು ಹತ್ತು ಪುಟವಿದ್ದರೂ ವಿಂಗಡಿಸುವವರಿಗೆ ಪ್ರಯೋಜನವಿಲ್ಲ.

ಶುರುವಾದ ಬಗೆ

"ಯಾವಾಗಿಂದ?" ಅಂತ ಎಲ್ಲರೂ ಕೇಳುತ್ತಾರೆ. "ಒಂದು ತಿಂಗಳಿಂದ" ಅಂತ ಬರೆದೂ ಬರೆಯುತ್ತಾರೆ. ಆದರೆ ಬಂದದ್ದು ನಿಧಾನವಾಗಿಯಾ, ಒಮ್ಮೆಲೇಯಾ ಅನ್ನುವುದೇ ಹೆಚ್ಚಿನ ಸಂಗತಿ. ಬೆಳಿಗ್ಗೆ ಸರಿಯಿದ್ದ ಕಣ್ಣು ಸಂಜೆಗೆ ಮಂಜಾಯಿತು ಅಂದರೆ ಅದು ಪೊರೆಯಲ್ಲ, ಲೆನ್ಸ್ ಊತವೂ ಅಲ್ಲ. ಒಳಗೆ ರಕ್ತ ಸೋರಿದೆಯೋ, ರಕ್ತನಾಳ ಕಟ್ಟಿಕೊಂಡಿದೆಯೋ, ರೆಟಿನಾ ಕಳಚಿದೆಯೋ ಅಂತ ಮೊದಲು ಯೋಚಿಸಬೇಕು.

ಇಲ್ಲಿ ಒಂದು ಗೊಂದಲ ಪದೇ ಪದೇ ಆಗುತ್ತದೆ. "ಇದ್ದಕ್ಕಿದ್ದಂತೆ ಆಯಿತು" ಅನ್ನುವ ರೋಗಿಗೆ ನಿಜವಾಗಿ ಆಗಿರುವುದು "ಇದ್ದಕ್ಕಿದ್ದಂತೆ ಗೊತ್ತಾಯಿತು." ಒಂದು ಕಣ್ಣು ತಿಂಗಳುಗಟ್ಟಲೆ ಮಸುಕಾಗುತ್ತಾ ಹೋದರೂ ಇನ್ನೊಂದು ಚೆನ್ನಾಗಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಯಾವತ್ತೋ ಒಂದು ದಿನ ಒಳ್ಳೆಯ ಕಣ್ಣಿಗೆ ಧೂಳು ಬಿದ್ದು, ಅದನ್ನು ಉಜ್ಜುವಾಗ ಮಿಕ್ಕ ಕಣ್ಣಿಗೆ ಏನೂ ಕಾಣದೆ ಗಾಬರಿಯಾಗುತ್ತಾರೆ. ಆದ್ದರಿಂದ ಒಂದು ಪ್ರಶ್ನೆ ಜಾಸ್ತಿ ಕೇಳಬೇಕು: "ಅದಕ್ಕೂ ಮುಂಚೆ ಆ ಒಂದು ಕಣ್ಣಿನಲ್ಲೇ ನೋಡಿದ್ದು ಯಾವಾಗ? ಆಗ ಸರಿಯಾಗಿ ಕಂಡಿತ್ತಾ?" ಸಿಕ್ಕ ಉತ್ತರವನ್ನು ರೋಗಿಯ ಮಾತಿನಲ್ಲೇ ಬರೆದರೆ ಇನ್ನೂ ಒಳ್ಳೆಯದು.

ಏನು ಕಾಣುತ್ತದೆ ಅನ್ನುವುದಕ್ಕೂ ರೋಗಿಯ ಮಾತೇ ವಾಸಿ. ಕಪ್ಪು ದಾರ, ಬಲೆ, ಮಸಿ ಹನಿ ತೇಲಿದ ಹಾಗೆ ಅಂದರೆ ರಕ್ತ ಸೋರಿರಬಹುದು. ಪಕ್ಕದಿಂದ ಪರದೆ ಇಳಿದ ಹಾಗೆ ಅಥವಾ ಮಿಂಚು ಹೊಡೆದ ಹಾಗೆ ಅಂದರೆ ರೆಟಿನಾ ಕಳಚುತ್ತಿರಬಹುದು. ಬಾಗಿಲ ಚೌಕಟ್ಟು, ಸಾಲು ಸೊಟ್ಟ ಕಾಣುತ್ತದೆ ಅಂದರೆ ಮ್ಯಾಕ್ಯುಲಾ. "ಎರಡೆರಡು ಕಾಣುತ್ತೆ" ಅನ್ನುವುದನ್ನು ಕೂಡ ಹಲವರು ಮಂಜು ಅಂತಲೇ ಹೇಳುತ್ತಾರೆ. ಒಂದು ಕಣ್ಣು ಮುಚ್ಚಿದರೆ ಸರಿಹೋಗುತ್ತಾ ಅಂತ ನೋಡಿ. ಹೋಗುತ್ತದೆ ಅಂದರೆ ತೊಂದರೆ ಕಣ್ಣಿನ ಒಳಗಿಲ್ಲ, ಕಣ್ಣು ತಿರುಗಿಸುವ ನರದಲ್ಲಿರಬಹುದು. ಶುಗರ್ ಇರುವವರಲ್ಲಿ ಇದು ಅಪರೂಪವೇನಲ್ಲ.

ಇಲ್ಲದ ಲಕ್ಷಣವನ್ನೂ ಬರೆಯಬೇಕು. "ನೋವಿಲ್ಲ, ಕೆಂಪಿಲ್ಲ, ಮಿಂಚಿಲ್ಲ, ಪರದೆಯಿಲ್ಲ" ಅನ್ನುವ ಸಾಲು ಇದ್ದರೆ ಕೇಳಿದ್ದಾರೆ ಅಂತ ಗೊತ್ತಾಗುತ್ತದೆ. ಏನೂ ಬರೆಯದಿದ್ದರೆ ಲಕ್ಷಣವೇ ಇಲ್ಲವೋ, ಕೇಳಿಯೇ ಇಲ್ಲವೋ ತಿಳಿಯುವುದಿಲ್ಲ.

ಒಂದೊಂದೇ ಕಣ್ಣು, ಆಮೇಲೆ ಪಿನ್‌ಹೋಲ್

ಪತ್ರದಲ್ಲಿ ಒಂದೇ ಒಂದು ಅಂಕಿ ಬರೆಯಲು ಜಾಗವಿದೆ ಅಂದರೆ ನಾನು ಕೇಳುವುದು ಸಕ್ಕರೆಯ ಸರಾಸರಿ ಹೇಳುವ ಎಚ್‌ಬಿಎ1ಸಿ ಅಲ್ಲ, ದೃಷ್ಟಿಯ ಅಂಕಿ. ಅದೂ ಬಲ, ಎಡ ಬೇರೆ ಬೇರೆ.

ಅಕ್ಷರದ ಚಾರ್ಟ್ 6 ಮೀಟರ್ ದೂರದಲ್ಲಿರಬೇಕು. ಕೋಣೆ ಚಿಕ್ಕದಾದರೆ 3 ಮೀಟರ್‌ಗೆಂದೇ ಮಾಡಿದ ಚಾರ್ಟ್ ಸಿಗುತ್ತದೆ. ಅದರ ಮೇಲೆ ಚೆನ್ನಾಗಿ ಬೆಳಕು ಬೀಳುತ್ತಿರಲಿ. ದೂರ ನೋಡುವ ಕನ್ನಡಕವಿದ್ದರೆ ಹಾಕಿಸಿ. ಓದುವ ಕನ್ನಡಕ ಹಾಕಿಸಿ ದೂರದ ಚಾರ್ಟ್ ಓದಿಸಿದರೆ ಒಳ್ಳೆಯ ಕಣ್ಣೂ ಕೆಟ್ಟ ಕಣ್ಣಾಗಿ ಕಾಣುತ್ತದೆ. ಇದು ದಿನಾ ನಡೆಯುವ ಎಡವಟ್ಟು. ಇನ್ನೊಂದು ಕಣ್ಣನ್ನು ಪೂರ್ತಿ ಮುಚ್ಚಬೇಕು. ಬೆರಳುಗಳಿಂದ ಮುಚ್ಚಿಸಿದರೆ ಸಂದಿಯಲ್ಲಿ ಇಣುಕುತ್ತಾರೆ. ಬೇಕೆಂದು ಅಲ್ಲ, ಸುಮ್ನೆ ಹಾಗಾಗುತ್ತದೆ. ಅಂಗೈ ಅಥವಾ ಗಟ್ಟಿ ಕಾಗದ ಇಡಿ. ಕಣ್ಣುಗುಡ್ಡೆ ಒತ್ತದಂತೆ ನೋಡಿಕೊಳ್ಳಿ.

6/18 ಅಂದರೆ ಸಾಮಾನ್ಯ ಕಣ್ಣು 18 ಮೀಟರ್‌ನಿಂದ ಓದುವ ಸಾಲನ್ನು ಈ ಕಣ್ಣು 6 ಮೀಟರ್‌ನಿಂದ ಓದುತ್ತಿದೆ. ಮೇಲಿನ ದೊಡ್ಡ ಅಕ್ಷರವೂ ಕಾಣದಿದ್ದರೆ "ಕಾಣುವುದಿಲ್ಲ" ಅಂತ ಬರೆದು ಕೈ ಬಿಡಬೇಡಿ. ಎಷ್ಟು ದೂರದಲ್ಲಿ ಬೆರಳು ಎಣಿಸುತ್ತಾರೆ, ಅದೂ ಆಗದಿದ್ದರೆ ಕೈ ಆಡಿಸಿದ್ದು ತಿಳಿಯುತ್ತಾ, ಅದೂ ಇಲ್ಲದಿದ್ದರೆ ಟಾರ್ಚ್ ಬೆಳಕು ಗೊತ್ತಾಗುತ್ತಾ ಅಂತ ಬರೆಯಿರಿ. ಬೆರಳು ಎಣಿಸುವ ಕಣ್ಣಿಗೂ ಬೆಳಕೂ ತಿಳಿಯದ ಕಣ್ಣಿಗೂ ಮುಂದಿನ ದಾರಿಯೇ ಬೇರೆ.

ಆಮೇಲೆ ಪಿನ್‌ಹೋಲ್. ಸುಮಾರು ಒಂದು ಮಿಲಿಮೀಟರ್ ಅಥವಾ ಸ್ವಲ್ಪ ಜಾಸ್ತಿ ಅಗಲದ ತೂತಿರುವ ತಟ್ಟೆ. ಅದರ ಮೂಲಕ ಬೆಳಕಿನ ಸಣ್ಣ ಎಳೆ ಮಾತ್ರ ಒಳಗೆ ಹೋಗುವುದರಿಂದ ಕಣ್ಣಿನ ಪವರ್ ಹೆಚ್ಚುಕಮ್ಮಿ ಇದ್ದರೂ ಚಿತ್ರ ಚೊಕ್ಕವಾಗಿ ಮೂಡುತ್ತದೆ. ಹಾಗಾಗಿ ಪಿನ್‌ಹೋಲ್‌ನಲ್ಲಿ 6/18 ಇದ್ದದ್ದು 6/6 ಆಯಿತು ಅಂದರೆ ಆ ಮಂಜಿಗೆ ಕಾರಣ ಬಹುಪಾಲು ಪವರ್. ಬದಲಾಗದಿದ್ದರೆ ಅಥವಾ ಇನ್ನೂ ಕಡಿಮೆಯಾದರೆ, ತೊಂದರೆ ಬೇರೆ ಕಡೆ ಇದೆ: ರೆಟಿನಾ, ನರ ಅಥವಾ ದಪ್ಪ ಪೊರೆ.

ಇದಕ್ಕೆ ಮಿತಿಯೂ ಇದೆ. ಪಿನ್‌ಹೋಲ್ ಬೆಳಕನ್ನು ಕಡಿಮೆ ಮಾಡುತ್ತದೆ. ಕೈ ನಡುಗುವವರಿಗೆ ತೂತೇ ಸಿಗುವುದಿಲ್ಲ. ಅಂಥವರಲ್ಲಿ "ಸುಧಾರಿಸಲಿಲ್ಲ" ಅನ್ನುವುದನ್ನು ಪೂರ್ತಿ ನಂಬಬಾರದು. ಹಾಗೆಯೇ ಪಿನ್‌ಹೋಲ್‌ನಲ್ಲಿ 6/6 ಬಂತು ಅಂದಮಾತ್ರಕ್ಕೆ ರೆಟಿನಾ ಚೆನ್ನಾಗಿದೆ ಅಂತಲ್ಲ. ಹೊಸ ರಕ್ತನಾಳಗಳು ಬೆಳೆದು ಒಡೆಯಲು ಕಾದಿರುವ ಕಣ್ಣೂ ಹಿಂದಿನ ದಿನದವರೆಗೆ 6/6 ಓದಬಲ್ಲದು. ಪಿನ್‌ಹೋಲ್ ಹೇಳುವುದು ಇವತ್ತಿನ ಮಂಜಿಗೆ ಕಾರಣ ಯಾವ ಕಡೆಯದು ಅನ್ನುವುದನ್ನು ಮಾತ್ರ.

ಎರಡೂ ಕಣ್ಣು ತೆರೆದು ಓದಿಸಿ "ದೃಷ್ಟಿ 6/9" ಅಂತ ಬರೆದ ಪತ್ರಗಳು ಬರುತ್ತವೆ. ಅದು ಒಳ್ಳೆಯ ಕಣ್ಣಿನ ಅಂಕಿ. ಕೆಟ್ಟ ಕಣ್ಣಿನ ಬಗ್ಗೆ ಅದರಲ್ಲಿ ಏನೂ ಇಲ್ಲ.

ಸಕ್ಕರೆ ಎಷ್ಟು ಅನ್ನುವುದಕ್ಕಿಂತ ಎಲ್ಲಿಂದ ಎಲ್ಲಿಗೆ

ಇವತ್ತು ಬೆಳಿಗ್ಗೆಯ ಸಕ್ಕರೆ 140 ಇತ್ತು ಅನ್ನುವುದರಿಂದ ಕಣ್ಣಿನ ಕ್ಲಿನಿಕ್‌ಗೆ ಹೆಚ್ಚೇನೂ ತಿಳಿಯುವುದಿಲ್ಲ. ಸುಮಾರು ಮೂರು ತಿಂಗಳ ಸರಾಸರಿಯನ್ನು ತೋರಿಸುವ ಎಚ್‌ಬಿಎ1ಸಿ ಬೇಕು. ಒಂದಲ್ಲ, ಎರಡು: ಈಗಿನದ್ದು, ಅದರ ಹಿಂದಿನದ್ದು. ತಾರೀಕಿನ ಸಮೇತ.

ಎರಡು ಯಾಕೆ ಬೇಕೆಂದರೆ, ಬಹುಕಾಲ ಮೇಲೇ ಇದ್ದ ಸಕ್ಕರೆ ಬೇಗ ಇಳಿದಾಗ ಕಣ್ಣಿನಲ್ಲಿ ಎರಡು ಬೇರೆ ಬೇರೆ ಸಂಗತಿ ನಡೆಯಬಹುದು. ಮೊದಲನೆಯದು ಲೆನ್ಸಿನದ್ದು. ಸಕ್ಕರೆ ಜಾಸ್ತಿ ಇದ್ದಾಗ ಸಾಮಾನ್ಯವಾಗಿ ಕಣ್ಣು ಮೈನಸ್ ಕಡೆಗೆ ವಾಲುತ್ತದೆ. ಇಳಿದಾಗ ಪ್ಲಸ್ ಕಡೆಗೆ ತಿರುಗುತ್ತದೆ. ಎರಡೂ ಕಣ್ಣಿಗೆ ಆಗುತ್ತದೆ, ಕೆಲವು ವಾರಗಳಲ್ಲಿ ನೆಲೆಗೆ ಬರುತ್ತದೆ. ಎರಡನೆಯದು ರೆಟಿನಾದ್ದು. ರೆಟಿನಾದಲ್ಲಿ ಆಗಲೇ ಹಾನಿ ಶುರುವಾಗಿದ್ದರೆ, ಸಕ್ಕರೆ ತಟ್ಟನೆ ಇಳಿದ ಮೊದಲ ಕೆಲವು ತಿಂಗಳಲ್ಲಿ ಆ ಹಾನಿ ಸ್ವಲ್ಪ ಕಾಲ ಹೆಚ್ಚಾಗಬಹುದು. ಟೈಪ್ 1 ಮಧುಮೇಹದ ಮೇಲೆ ನಡೆದ, 1993ರಲ್ಲಿ ಫಲಿತಾಂಶ ಹೊರಬಂದ ಡಿಸಿಸಿಟಿ ಅಧ್ಯಯನದಲ್ಲಿ ಇದು ಸ್ಪಷ್ಟವಾಗಿ ಕಂಡಿತು. ಅದೇ ಅಧ್ಯಯನದಲ್ಲಿ, ವರ್ಷಗಳ ಲೆಕ್ಕದಲ್ಲಿ ನೋಡಿದರೆ ಸಕ್ಕರೆಯನ್ನು ಬಿಗಿಯಾಗಿ ಇಟ್ಟುಕೊಂಡವರ ಕಣ್ಣೇ ಚೆನ್ನಾಗಿ ಉಳಿಯಿತು. ಇನ್ಸುಲಿನ್ ಮಾತ್ರವಲ್ಲ, ಸಕ್ಕರೆಯನ್ನು ಜೋರಾಗಿ ಇಳಿಸುವ ಹೊಸ ಇಂಜೆಕ್ಷನ್‌ಗಳಲ್ಲೂ ಇದರ ಬಗ್ಗೆ ಎಚ್ಚರ ಇರಬೇಕು.

"ಇನ್ಸುಲಿನ್ ಶುರು ಮಾಡಿದ ಮೇಲೇ ನನ್ನ ಕಣ್ಣು ಹೋಯ್ತು" ಅಂತ ಹೇಳಿ ಇನ್ಸುಲಿನ್ ಬಿಟ್ಟುಬಿಡುವವರು ಇದ್ದಾರೆ. ಅವರು ಕಂಡದ್ದು ಸುಳ್ಳಲ್ಲ, ತೆಗೆದುಕೊಂಡ ತೀರ್ಮಾನ ತಪ್ಪು. ಸಕ್ಕರೆಯನ್ನು ಮತ್ತೆ ಏರಲು ಬಿಡುವುದು ಇದಕ್ಕೆ ಮದ್ದಲ್ಲ. ರೆಟಿನಾವನ್ನು ಬೇಗ ನೋಡಿಸುವುದು, ಮತ್ತೆ ಮತ್ತೆ ನೋಡಿಸುವುದು ಮದ್ದು. ಅದಕ್ಕೇ "ಇನ್ಸುಲಿನ್ ಶುರು ಮಾಡಿ ಇಷ್ಟು ವಾರ ಆಯಿತು" ಅನ್ನುವ ಸಾಲು ಪತ್ರದಲ್ಲಿ ಇರಲೇಬೇಕು.

ಒಂದು ಪತ್ರವನ್ನು ಬಿಡಿಸಿ ನೋಡೋಣ

ಮೇಲಿನದ್ದೆಲ್ಲ ಒಂದೇ ರೋಗಿಯಲ್ಲಿ ಹೇಗೆ ಕೂಡಿಬರುತ್ತದೆ ನೋಡಿ. ಉದಾಹರಣೆಗೆಂದು ಕಟ್ಟಿದ ಪತ್ರವಿದು. ಆದರೆ ಇಂಥವರು ಕ್ಲಿನಿಕ್‌ಗೆ ಬರುತ್ತಲೇ ಇರುತ್ತಾರೆ.

"54 ವರ್ಷದ ಪುರುಷ. ಟೈಪ್ 2 ಮಧುಮೇಹ, 9 ವರ್ಷದಿಂದ. 6 ವಾರದಿಂದ ಎರಡೂ ಕಣ್ಣಿಗೆ ದೂರದ್ದು ನಿಧಾನವಾಗಿ ಮಂಜಾಗಿದೆ. 3 ವಾರದಿಂದ ಎಡಗಣ್ಣಿಗೆ ಸಾಲುಗಳು ಸೊಟ್ಟ ಕಾಣುತ್ತಿವೆ. ನೋವು, ಕೆಂಪು, ಕಪ್ಪು ದಾರ, ಮಿಂಚು, ಪರದೆ ಇಲ್ಲ. ದೂರದ ಕನ್ನಡಕ ಹಾಕಿ ಬಲಗಣ್ಣು 6/18, ಪಿನ್‌ಹೋಲ್‌ನಲ್ಲಿ 6/6. ಎಡಗಣ್ಣು 6/36, ಪಿನ್‌ಹೋಲ್‌ನಲ್ಲಿ 6/24. ಕನ್ನಡಕ 3 ತಿಂಗಳ ಹಿಂದೆ ಮಾಡಿಸಿದ್ದು. ಹಳೆಯ ಕನ್ನಡಕದಲ್ಲೇ ಚೆನ್ನಾಗಿ ಕಾಣುತ್ತದೆ ಎನ್ನುತ್ತಾರೆ. ಎಚ್‌ಬಿಎ1ಸಿ 3 ತಿಂಗಳ ಹಿಂದೆ 12.2, ಈಗ 7.8. ಇನ್ಸುಲಿನ್ ಶುರುವಾಗಿ 11 ವಾರ. ಪಯೋಗ್ಲಿಟಜೋನ್ ಮಾತ್ರೆ 2 ವರ್ಷದಿಂದ. ಬಿಪಿ 168/96. ಕ್ರಿಯಾಟಿನಿನ್ 1.9, ಮೂತ್ರದಲ್ಲಿ ಆಲ್ಬುಮಿನ್ ಇದೆ, ಹಿಮೋಗ್ಲೋಬಿನ್ 9.8. ಪಾದ ಊದಿದೆ. ಹೃದಯಾಘಾತ, ಪಾರ್ಶ್ವವಾಯು ಆಗಿಲ್ಲ. ಕಣ್ಣಿಗೆ ಇದುವರೆಗೆ ಯಾವ ಚಿಕಿತ್ಸೆಯೂ ಆಗಿಲ್ಲ, ರೆಟಿನಾ ಪರೀಕ್ಷೆಯೂ ಆಗಿಲ್ಲ. ನಾನು ಪಾಪೆ ಹಿಗ್ಗಿಸಿಲ್ಲ, ರೆಟಿನಾ ನೋಡಿಲ್ಲ."

ಓದುವುದಕ್ಕೆ ಒಂದು ನಿಮಿಷವೂ ಬೇಡ. ವಿಂಗಡಿಸುವವರು ಇದನ್ನು ಓದುವ ರೀತಿ ಹೀಗೆ.

ಮೊದಲು ಬಲಗಣ್ಣು. 6/18, ಪಿನ್‌ಹೋಲ್‌ನಲ್ಲಿ 6/6. ಅಂದರೆ ಪವರ್. ಪವರ್ ಯಾಕೆ ತಪ್ಪಿತು? ಕನ್ನಡಕ ಮಾಡಿಸಿದಾಗ ಎಚ್‌ಬಿಎ1ಸಿ 12ರ ಮೇಲಿತ್ತು. ಆಗ ಕಣ್ಣು ಮೈನಸ್ ಕಡೆಗೆ ವಾಲಿತ್ತು, ಕನ್ನಡಕದ ಅಂಗಡಿಯವರು ಆ ದಿನದ ಕಣ್ಣಿಗೆ ಸರಿಯಾಗಿಯೇ ನಂಬರ್ ಕೊಟ್ಟರು. ಆಮೇಲೆ ಇನ್ಸುಲಿನ್ ಬಂತು, ಸಕ್ಕರೆ ಇಳಿಯಿತು, ಲೆನ್ಸ್ ಮೊದಲಿನ ಸ್ಥಿತಿಗೆ ಮರಳಿತು. ಕಣ್ಣು ಬದಲಾಯಿತು, ಕನ್ನಡಕ ಮಾತ್ರ ಹಾಗೇ ಉಳಿಯಿತು. ಹಳೆಯ ಕನ್ನಡಕವೇ ವಾಸಿ ಅನ್ನುವ ಮಾತು ಇದಕ್ಕೆ ಸರಿಯಾಗಿ ಕೂರುತ್ತದೆ. ಈ ಮಾತನ್ನು ಪತ್ರದಲ್ಲಿ ಬರೆದವರ ಜಾಣತನ ಮೆಚ್ಚಬೇಕು.

ಈಗ ಎಡಗಣ್ಣು. ಬಲಗಣ್ಣಿನ ಹಾಗೆ ಇದರಲ್ಲೂ ಪವರ್ ತಪ್ಪಿದೆ, ಅದಕ್ಕೇ ಪಿನ್‌ಹೋಲ್‌ನಲ್ಲಿ ಒಂದು ಸಾಲು ಮೇಲೆ ಬಂತು. ಆದರೆ 6/24ಕ್ಕೆ ನಿಂತುಬಿಟ್ಟಿತು. ಪವರ್ ಸರಿಮಾಡಿದರೂ ಉಳಿಯುವ ಮಂಜಿದು. ಜೊತೆಗೆ ಸಾಲುಗಳು ಸೊಟ್ಟ. ನಿಧಾನವಾಗಿ ಬಂದದ್ದು, ನೋವಿಲ್ಲ. ಎಲ್ಲವೂ ಮ್ಯಾಕ್ಯುಲಾ ಊತದ ಕಡೆಗೆ ಬೆರಳು ತೋರಿಸುತ್ತವೆ.

ಇದೇ ರೋಗಿಯ ಬಗ್ಗೆ "ಇನ್ಸುಲಿನ್ ಶುರುವಾದ ಮೇಲೆ ಎರಡೂ ಕಣ್ಣು ಮಂಜು" ಅಂತಷ್ಟೇ ಬರೆದಿದ್ದರೆ? ಲೆನ್ಸ್ ಬದಲಾವಣೆ ಇರಬೇಕು, ಸಕ್ಕರೆ ನಿಲ್ಲಲಿ ಅಂತ ಎರಡು ತಿಂಗಳು ಆಚೆಗೆ ಹಾಕುವ ಸಾಧ್ಯತೆ ಜಾಸ್ತಿ. ಆ ಊಹೆ ಬಲಗಣ್ಣಿಗೆ ಪೂರ್ತಿ ಸರಿ. ಎಡಗಣ್ಣು ಮಾತ್ರ ಅಷ್ಟು ದಿನ ಊದಿಕೊಂಡೇ ಇರುತ್ತಿತ್ತು. ಬಹಳ ಕಾಲ ಊದಿಕೊಂಡಿದ್ದ ಮ್ಯಾಕ್ಯುಲಾದಲ್ಲಿ ನೀರು ಇಳಿದರೂ ದೃಷ್ಟಿ ಪೂರ್ತಿ ಮರಳುತ್ತದೆ ಅನ್ನುವ ಖಾತರಿಯಿಲ್ಲ. ಇಬ್ಬರು ಬೇರೆ ಬೇರೆ ರೋಗಿಗಳಿಗೆ ಬರಬೇಕಾದ ಎರಡು ಕಾರಣ ಒಬ್ಬರಲ್ಲೇ ಕೂತಿವೆ. ಅವನ್ನು ಬೇರ್ಪಡಿಸಿದ್ದು ಆ ತೂತಿನ ತಟ್ಟೆ.

ಪತ್ರದ ಕೊನೆಯ ಭಾಗ ಇನ್ನೊಂದು ಕೆಲಸ ಮಾಡುತ್ತದೆ. ಬಿಪಿ ಮೇಲಿದೆ, ಕಿಡ್ನಿ ಸೋತಿದೆ, ರಕ್ತ ಕಡಿಮೆ, ಪಾದ ಊದಿದೆ. ಮೈಯಲ್ಲಿ ನೀರು ನಿಂತಾಗ ಮ್ಯಾಕ್ಯುಲಾ ಊತವೂ ಹೆಚ್ಚಬಹುದು. ಪಯೋಗ್ಲಿಟಜೋನ್ ಮೈಯಲ್ಲಿ ನೀರು ನಿಲ್ಲಿಸುವ ಮಾತ್ರೆ, ಇನ್ಸುಲಿನ್ ಜೊತೆ ಸೇರಿದರೆ ಇನ್ನೂ ಜಾಸ್ತಿ. ಮ್ಯಾಕ್ಯುಲಾ ಊತಕ್ಕೂ ಅದಕ್ಕೂ ನಂಟಿದೆ ಅನ್ನುವುದು ಗೊತ್ತಿರುವ ವಿಷಯ. ಕಣ್ಣಿಗೆ ಇಂಜೆಕ್ಷನ್ ಕೊಡುತ್ತಾ, ಮೈಯಲ್ಲಿ ನೀರು ಹಾಗೇ ಬಿಟ್ಟರೆ ಅರ್ಧ ಕೆಲಸವಾದ ಹಾಗೆ. ಇಷ್ಟು ಬರೆದಿದ್ದರೆ ಕಣ್ಣಿನ ಡಾಕ್ಟರು ಉತ್ತರದಲ್ಲಿ "ಈ ಮಾತ್ರೆ ಬೇಕೇ ಅಂತ ಮತ್ತೊಮ್ಮೆ ನೋಡಿ, ಕಿಡ್ನಿ ಡಾಕ್ಟರಿಗೂ ತೋರಿಸಿ" ಅಂತ ಬರೆಯಬಹುದು. ರೋಗಿ ಮಾತ್ರ ತಾನಾಗಿಯೇ ಯಾವ ಮಾತ್ರೆಯನ್ನೂ ನಿಲ್ಲಿಸಬಾರದು.

ಇವರನ್ನು ಎರಡು ವಾರದೊಳಗಿನ ಪಟ್ಟಿಗೆ ಹಾಕುತ್ತಾರೆ. ಬಂದ ದಿನ ದೃಷ್ಟಿ ಮತ್ತೆ ಅಳೆದು, ಪಾಪೆ ಹಿಗ್ಗಿಸಿ, ಓಸಿಟಿ ಸ್ಕ್ಯಾನ್ ಮಾಡುತ್ತಾರೆ. ಈ ಸ್ಕ್ಯಾನ್‌ನಲ್ಲಿ ರೆಟಿನಾದ ಪದರಗಳು ಅಡ್ಡ ಕೊಯ್ದ ಹಾಗೆ ಕಾಣುತ್ತವೆ. ಎಡಗಣ್ಣಿನ ನಡುವಿನಲ್ಲಿ ನೀರಿನ ಗುಳ್ಳೆಗಳು, ಬಲಗಣ್ಣಿನಲ್ಲಿ ಅಲ್ಲಲ್ಲಿ ರಕ್ತದ ಚುಕ್ಕೆ ಇದ್ದರೂ ನಡುಭಾಗ ಒಣಗಿದೆ ಅಂದುಕೊಳ್ಳಿ. ಎಡಗಣ್ಣಿಗೆ ಕಣ್ಣೊಳಗಿನ ಇಂಜೆಕ್ಷನ್ ಶುರುವಾಗುತ್ತದೆ, ಮೊದಮೊದಲು ತಿಂಗಳಿಗೊಂದರಂತೆ. ಇಲ್ಲೂ ದೃಷ್ಟಿಯ ಅಂಕಿಯೇ ದಾರಿ ತೋರಿಸುತ್ತದೆ. ಊತವಿದ್ದರೂ ದೃಷ್ಟಿ ಬಹಳ ಚೆನ್ನಾಗಿದ್ದರೆ ಕೆಲವರನ್ನು ಇಂಜೆಕ್ಷನ್ ಕೊಡದೆ ಹತ್ತಿರದಿಂದ ಗಮನಿಸುತ್ತಾ ಹೋಗಬಹುದು. 6/15 ಅಥವಾ ಅದಕ್ಕಿಂತ ಕೆಳಗಿದ್ದರೆ ಯಾವ ಔಷಧಿ ಆರಿಸಬೇಕು ಅನ್ನುವುದೂ ಬದಲಾಗಬಹುದು.

ಬಲಗಣ್ಣಿಗೆ ಇವತ್ತೇ ಹೊಸ ಕನ್ನಡಕ ಬರೆದುಕೊಡುವುದಿಲ್ಲ. ಸಕ್ಕರೆ ಸುಮಾರು ಆರು ವಾರ ಒಂದು ನೆಲೆಯಲ್ಲಿ ನಿಂತ ಮೇಲೆ ಅಳೆಯುತ್ತಾರೆ. ಅಲ್ಲಿಯವರೆಗೆ ಹಳೆಯ ಕನ್ನಡಕ. ಇಲ್ಲದಿದ್ದರೆ ಮೂರನೆಯ ಜೊತೆಗೂ ದುಡ್ಡು ಸುರಿದು ಅದೂ ಹೊಂದುವುದಿಲ್ಲ.

ಪತ್ರ ಕೆಡುವುದು ಎಲ್ಲಿ

"ಫಂಡಸ್ ನಾರ್ಮಲ್", ಅಂದರೆ ರೆಟಿನಾ ಸರಿಯಿದೆ, ಅನ್ನುವ ಎರಡು ಪದ ನನಗೆ ಖಾಲಿ ಪತ್ರಕ್ಕಿಂತ ಹೆಚ್ಚು ತಲೆಬಿಸಿ ಕೊಡುತ್ತವೆ. ಪಾಪೆ ಹಿಗ್ಗಿಸದೆ, ಕೈಯಲ್ಲಿ ಹಿಡಿಯುವ ಉಪಕರಣದಲ್ಲಿ, ಬೆಳಕಿರುವ ಕೋಣೆಯಲ್ಲಿ ರೆಟಿನಾದ ಒಂದು ಚೂರು ಮಾತ್ರ ಕಾಣುತ್ತದೆ. ಮ್ಯಾಕ್ಯುಲಾ ಊತವಂತೂ ಆ ಉಪಕರಣದಲ್ಲಿ ತಿಳಿಯುವುದೇ ಕಷ್ಟ. ಹಾಗಿದ್ದೂ ಆ ಮಾತನ್ನು ಓದಿದವರು ನಂಬಿ ರೋಗಿಯನ್ನು ಹಿಂದಕ್ಕೆ ಹಾಕಬಹುದು. "ನೋಡಿಲ್ಲ" ಅಂತ ಬರೆಯುವುದರಲ್ಲಿ ಅವಮಾನವೇನೂ ಇಲ್ಲ.

ಅದೇ ಉಪಕರಣದಲ್ಲಿ ನಿಜಕ್ಕೂ ಉಪಯೋಗಕ್ಕೆ ಬರುವ ಒಂದು ಕೆಲಸವಿದೆ. ಕೋಣೆಯ ಬೆಳಕು ತಗ್ಗಿಸಿ, ಸುಮಾರು ಅರ್ಧ ಮೀಟರ್ ದೂರದಿಂದ ಎರಡೂ ಪಾಪೆಗಳ ಮೇಲೆ ಬೆಳಕು ಬಿಟ್ಟು ನೋಡಿ. ಒಳಗಿನಿಂದ ಕೆಂಪು ಹೊಳಪು ಬರಬೇಕು. ಒಂದರಲ್ಲಿ ಹೊಳಪು ಮಂಕಾಗಿದ್ದರೆ ಅಥವಾ ಇಲ್ಲವೇ ಇಲ್ಲದಿದ್ದರೆ ನಡುವೆ ಪೊರೆಯೋ ರಕ್ತವೋ ಅಡ್ಡ ಇದೆ. ಒಮ್ಮೆಲೇ ಬಂದ ಮಂಜಿನ ಜೊತೆ ಹೊಳಪೂ ಹೋಗಿದೆ ಅಂದರೆ ಅದು ರಕ್ತ ಅಂತಲೇ ಹಿಡಿದು ಫೋನ್ ಎತ್ತಬೇಕು. ಟಾರ್ಚನ್ನು ಒಂದು ಕಣ್ಣಿನಿಂದ ಇನ್ನೊಂದಕ್ಕೆ ಸರಕ್ಕನೆ ಸರಿಸುತ್ತಾ ಪಾಪೆ ನೋಡುವುದೂ ಹಾಗೇ. ಬೆಳಕು ಬಿದ್ದಾಗ ಕುಗ್ಗುವ ಬದಲು ಪಾಪೆ ಅಗಲವಾದರೆ ಆ ಕಣ್ಣಿನ ನರದಲ್ಲೋ ರೆಟಿನಾದ ದೊಡ್ಡ ಭಾಗದಲ್ಲೋ ತೊಂದರೆ ಇದೆ. ಬರೀ ಪೊರೆಯಿಂದ ಹಾಗಾಗುವುದಿಲ್ಲ.

ಪಾಪೆ ಹಿಗ್ಗಿಸುವ ಹನಿ ನೀವೇ ಹಾಕಿದ್ದರೆ ಯಾವ ಹನಿ, ಎಷ್ಟು ಗಂಟೆಗೆ ಅಂತ ಬರೆಯಿರಿ. ಪಾಪೆಯ ಪರೀಕ್ಷೆ ಅದಕ್ಕೂ ಮುಂಚೆ ಮುಗಿದಿರಲಿ. ಕ್ಲಿನಿಕ್‌ನವರು ಹನಿ ಹಾಕುವ ಮೊದಲು ಪಾಪೆಯ ಸುತ್ತಲಿನ ಬಣ್ಣದ ಭಾಗದ ಮೇಲೆ ಹೊಸ ರಕ್ತನಾಳ ಹಬ್ಬಿದೆಯಾ ಅಂತ ನೋಡುತ್ತಾರೆ. ಪಾಪೆ ಅಗಲವಾದ ಮೇಲೆ ಅದು ಕಣ್ಣು ತಪ್ಪಿಸಿಕೊಳ್ಳುತ್ತದೆ.

"ಹಿಂದೆ ಲೇಸರ್ ಆಗಿದೆ" ಅನ್ನುವುದೂ ಅರ್ಧ ಮಾತೇ. ಪೊರೆ ಆಪರೇಷನ್ನನ್ನು ಲೇಸರ್ ಅನ್ನುವವರಿದ್ದಾರೆ. ಪೊರೆ ತೆಗೆದ ಮೇಲೆ ಹಿಂದಿನ ಪದರ ಮಸುಕಾದಾಗ ಮಾಡುವ ಲೇಸರ್ ಬೇರೆ. ರೆಟಿನಾಗೆ ಮಾಡುವ ಲೇಸರ್ ಬೇರೆ. ಯಾವ ಕಣ್ಣಿಗೆ, ಯಾವ ವರ್ಷ, ಎಷ್ಟು ಸಲ ಕೂರಿಸಿದ್ದರು ಅಂತ ಕೇಳಿದರೆ ಗೊತ್ತಾಗುತ್ತದೆ. ಹಳೆಯ ಚೀಟಿ, ಸ್ಕ್ಯಾನ್, ಫೋಟೋ ಇದ್ದರೆ ತರಲು ಹೇಳಿ. ಎರಡೂ ಕನ್ನಡಕ ತರಲಿ. ಪಾಪೆ ಹಿಗ್ಗಿಸಿದ ಮೇಲೆ ಕೆಲವು ಗಂಟೆ ಗಾಡಿ ಓಡಿಸಲು ಆಗುವುದಿಲ್ಲ, ಜೊತೆಗೆ ಯಾರಾದರೂ ಬರಲಿ.

ಗರ್ಭಿಣಿಯಾಗಿದ್ದರೆ ಅದನ್ನು ಮೊದಲ ಸಾಲಿನಲ್ಲೇ ಬರೆಯಬೇಕು. ಮೊದಲೇ ಮಧುಮೇಹ ಇದ್ದವರಲ್ಲಿ ಗರ್ಭ ನಿಂತಾಗ ರೆಟಿನಾದ ಹಾನಿ ಬೇಗ ಮುಂದುವರಿಯಬಹುದು, ಚಿಕಿತ್ಸೆಯ ಆಯ್ಕೆಯೂ ಬದಲಾಗುತ್ತದೆ. ಇತ್ತೀಚೆಗೆ ಪಾರ್ಶ್ವವಾಯು ಅಥವಾ ಹೃದಯಾಘಾತ ಆಗಿದ್ದರೆ ಅದೂ ಮುಖ್ಯ. ಕಣ್ಣಿನ ಇಂಜೆಕ್ಷನ್ ಕೊಡುವ ಮುನ್ನ ಆ ಬಗ್ಗೆ ಯೋಚಿಸುತ್ತಾರೆ.

ಪತ್ರ ಬರೆಯುತ್ತಾ ಕೂರಬಾರದ ಹೊತ್ತು

ಕೆಲವು ಸಂದರ್ಭದಲ್ಲಿ ಪತ್ರ ಆಮೇಲೆ, ಫೋನ್ ಮೊದಲು. ಒಂದು ಕಣ್ಣಿನ ದೃಷ್ಟಿ ಒಮ್ಮೆಲೇ ಮಂಜಾಗಿದೆ. ಕಪ್ಪು ದಾರಗಳ ಮಳೆ ಸುರಿದಿದೆ. ಪರದೆ ಇಳಿಯುತ್ತಿದೆ. ಕಣ್ಣು ಕೆಂಪಾಗಿ ವಿಪರೀತ ನೋವು, ದೀಪದ ಸುತ್ತ ಬಣ್ಣದ ಬಳೆ, ವಾಂತಿ. ಹೊಸ ರಕ್ತನಾಳಗಳು ಕಣ್ಣಿನೊಳಗಿನ ನೀರು ಹೊರಹೋಗುವ ದಾರಿ ಮುಚ್ಚಿದಾಗ ಒತ್ತಡ ಏರಿ ಈ ಕೊನೆಯದು ಆಗಬಹುದು. ಇವರೆಲ್ಲ ಅದೇ ದಿನ ಕಣ್ಣಿನ ಡಾಕ್ಟರ ಮುಂದೆ ಇರಬೇಕು.

ಇನ್ನು ಕೆಲವರಿಗೆ ಕಣ್ಣಿನ ಕ್ಲಿನಿಕ್ಕೇ ಮೊದಲ ಜಾಗವಲ್ಲ. ಎರಡೆರಡು ಕಾಣುವುದರ ಜೊತೆ ರೆಪ್ಪೆ ಜೋತುಬಿದ್ದು, ಆ ಕಣ್ಣಿನ ಪಾಪೆ ದೊಡ್ಡದಾಗಿದ್ದರೆ "ಶುಗರ್‌ನಿಂದ ನರ ಸೋತಿದೆ" ಅಂತ ಕೈ ಕಟ್ಟಿ ಕೂರುವ ಹಾಗಿಲ್ಲ. ಶುಗರ್‌ನಿಂದ ಆ ನರ ಸೋತಾಗ ಪಾಪೆ ಸಾಮಾನ್ಯವಾಗಿ ಸರಿಯಾಗಿಯೇ ಇರುತ್ತದೆ. ಪಾಪೆಯೂ ಹಿಗ್ಗಿದೆ ಅಂದರೆ ಮಿದುಳಿನ ರಕ್ತನಾಳವೊಂದು ಉಬ್ಬಿ ನರವನ್ನು ಒತ್ತುತ್ತಿರಬಹುದು. ನೇರವಾಗಿ ತುರ್ತು ವಿಭಾಗಕ್ಕೆ ಕಳಿಸಬೇಕು. ನೋವಿಲ್ಲದೆ ಒಂದೇ ಕ್ಷಣದಲ್ಲಿ ಕತ್ತಲಾದ ಕಣ್ಣೂ ಹಾಗೇ. ರೆಟಿನಾಗೆ ರಕ್ತ ಕೊಡುವ ನಾಳ ಕಟ್ಟಿಕೊಂಡಿದ್ದರೆ ಅದನ್ನು ಪಾರ್ಶ್ವವಾಯುವಿನಂತೆಯೇ ಕಾಣಬೇಕು.

ಉಳಿದವರಿಗೆ ಅಪಾಯಿಂಟ್‌ಮೆಂಟ್ ಬರುವವರೆಗೂ ಕಾಯುವ ದಿನಗಳಿರುತ್ತವೆ. ಅಷ್ಟರಲ್ಲಿ ಮಂಜಿನ ಬಗೆ ಬದಲಾಗಬಹುದು. ನಮ್ಮ 54 ವರ್ಷದ ರೋಗಿಗೆ ಇನ್ನೂ ಹೊಸ ರಕ್ತನಾಳ ಒಡೆದಿಲ್ಲ, ಒಡೆಯುವುದೇ ಇಲ್ಲ ಅಂತ ಯಾರೂ ಹೇಳಲಾರರು. ದಿನಕ್ಕೊಮ್ಮೆ ಒಂದೊಂದೇ ಕಣ್ಣು ಮುಚ್ಚಿ ಗೋಡೆಯ ಕ್ಯಾಲೆಂಡರ್ ನೋಡಲು ಅವರಿಗೆ ಹೇಳಿ. ಕಪ್ಪು ದಾರ, ಪರದೆ ಅಥವಾ ಇನ್ನಷ್ಟು ಮಂಜು ಕಂಡರೆ ತಾರೀಕಿಗೆ ಕಾಯದೆ ಫೋನ್ ಮಾಡಲಿ. ಆ ಎಚ್ಚರಿಕೆ ಕೊಟ್ಟಿದ್ದೀರಿ ಅಂತ ಪತ್ರದಲ್ಲಿ ಒಂದು ಸಾಲು ಬರೆಯಿರಿ. ಅದರ ಕೆಳಗೆ ರೋಗಿಯ ಮನೆಯಲ್ಲಿ ನಿಜವಾಗಿ ಎತ್ತುವ ಫೋನ್ ನಂಬರ್, ಪತ್ರ ಬರೆದವರ ನಂಬರ್ ಎರಡೂ ಇರಲಿ. ಸ್ಥಳ ಖಾಲಿಯಾದ ಬೆಳಿಗ್ಗೆ ಕ್ಲಿನಿಕ್‌ನವರು ಇವರನ್ನೇ ಬೇಗ ಕರೆಯೋಣ ಅಂತ ಫೋನ್ ಮಾಡಿದಾಗ, ಆ ಕಡೆ ಯಾರಾದರೂ ಎತ್ತಬೇಕಲ್ವಾ?